ಲೆಟರ್‌ಹೆಡ್ಡಿನ ಮೇಲೆ ಎರಡು ಹೆಸರು

ಇಬ್ಬರೂ ಒಂದೇ ಬೈಕಿನ ಮೇಲೆ ಬಂದಿದ್ದರು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು ಸಾಲುಸಾಲಾಗಿವೆ. ಅಲ್ಲಿಯೇ ಹತ್ತು ವರ್ಷ ನೌಕರಿ ಮಾಡಿ, ಇನ್ನು ಸ್ವಂತದ್ದೇನಾದರೂ ಮಾಡೋಣ ಎಂದು ಹೊರಬಿದ್ದವರು. ಹೆಸರು ಬದಲಿಸಿ ಹೇಳುತ್ತೇನೆ: ಒಬ್ಬ ಮಹಾಂತೇಶ, ಇನ್ನೊಬ್ಬ ರಫೀಕ. ಮಹಾಂತೇಶನಿಗೆ ಇಂಡಕ್ಷನ್ ಫರ್ನೇಸಿನ ಕರೆಂಟು ಎಲ್ಲಿ ಸೋರುತ್ತದೆ ಎಂಬುದು ಗೊತ್ತು. ಎರಕದಲ್ಲಿ ಗುಳ್ಳೆ, ಬಿರುಕು ಬಿದ್ದು ತಿರಸ್ಕೃತವಾಗುವ ಮಾಲು ಯಾಕೆ ಹೆಚ್ಚಿತು ಎಂಬುದನ್ನು ರಫೀಕ ಹುಡುಕಿ ಕೊಡುತ್ತಾನೆ. ಇಂಥ ಎರಡು ಕೈ ಕೂಡಿದರೆ ಸಣ್ಣ ಕಾರ್ಖಾನೆಗಳಿಗೆ ಅದು ದೊಡ್ಡ ಅನುಕೂಲ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಸರ, ಪ್ರೊಪ್ರೈಟರ್ ಮಾಡ್ಸೂಣೋ, ಪಾರ್ಟ್ನರ್‌ಶಿಪ್ಪೋ, ಪ್ರೈವೇಟ್ ಲಿಮಿಟೆಡ್ಡೋ? ಯಾವುದು ಸೋವಿ ಆಗ್ತೈತಿ?"

ಈಗ ಏನು ನಡೆಸಿದ್ದೀರಿ ಎಂದು ಕೇಳಿದೆ. ಎಂಟು ತಿಂಗಳಿಂದ ಕೆಲಸ ನಡೆದಿತ್ತು. ಲೆಟರ್‌ಹೆಡ್ ಛಾಪಿಸಿದ್ದರು, ಮೇಲೆ "ಅಸೋಸಿಯೇಟ್ಸ್" ಎಂಬ ಹೆಸರು, ಕೆಳಗೆ ಇಬ್ಬರ ಹೆಸರು ಮತ್ತು ಫೋನ್ ನಂಬರು. ಬ್ಯಾಂಕ್ ಖಾತೆ ಮಾತ್ರ ಮಹಾಂತೇಶನದು, ಬಿಲ್ಲಿನ ಮೇಲಿನ ಪ್ಯಾನ್ ನಂಬರೂ ಅವನದೇ. ಹಣ ಬಂದ ದಿನವೇ ಖರ್ಚು ಕಳೆದು ಅರ್ಧ ಹಣವನ್ನು ಫೋನಿನಲ್ಲೇ ರಫೀಕನಿಗೆ ಕಳಿಸುತ್ತಿದ್ದ. ಹಾಗಿದ್ದರೆ ನೀವು ಈಗಾಗಲೇ ಪಾಲುದಾರರು ಎಂದೆ. "ಪಾರ್ಟ್ನರ್ ಏನೂ ಅಲ್ರಿ ಸರ, ನಾವು ದೋಸ್ತರು," ಎಂದ ರಫೀಕ.

ಇಬ್ಬರು ಗೆಳೆಯರು ಸಲಹೆಗಾರಿಕೆ ಶುರು ಮಾಡುವಾಗ ಆಗುವ ಮೊದಲ ತಪ್ಪು ಇದೇ. ಯಾವುದನ್ನೂ ಆರಿಸದೆ ಕೂತರೆ ಇನ್ನೂ ಏನೂ ಆಗಿಲ್ಲ ಎಂದು ಅವರು ತಿಳಿದಿರುತ್ತಾರೆ. ಕಾನೂನು ಹಾಗೆ ತಿಳಿಯುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಇಬ್ಬರು ಒಪ್ಪಿ ಒಂದು ವ್ಯವಹಾರ ನಡೆಸಿ, ಅದರ ಲಾಭ ಹಂಚಿಕೊಳ್ಳುತ್ತಿದ್ದರೆ, ಆ ವ್ಯವಹಾರವನ್ನು ಇಬ್ಬರೂ ಅಥವಾ ಇಬ್ಬರ ಪರವಾಗಿ ಒಬ್ಬ ನಡೆಸುತ್ತಿದ್ದರೆ, ಅದು ಪಾಲುದಾರಿಕೆ. ಕಾಗದ ಬೇಕಿಲ್ಲ, ಬಾಯಿಮಾತು ಸಾಕು. ಲಾಭ ಹಂಚಿಕೊಂಡ ಮಾತ್ರಕ್ಕೆ ಎಲ್ಲರೂ ಪಾಲುದಾರರಾಗುವುದಿಲ್ಲ, ನಿಜ. ಕೋರ್ಟು ಒಟ್ಟು ಸಂಬಂಧವನ್ನು ನೋಡುತ್ತದೆ. ಆದರೆ ಲೆಟರ್‌ಹೆಡ್ಡಿನ ಮೇಲೆ ಎರಡು ಹೆಸರು, ತಿಂಗಳು ತಿಂಗಳು ಅರ್ಧರ್ಧ ಹಂಚಿಕೆ ಇವೆರಡೂ ಇದ್ದಾಗ ಕೋರ್ಟಿಗೆ ನೋಡಲು ಹೆಚ್ಚೇನೂ ಉಳಿಯುವುದಿಲ್ಲ.

ಅವರು ನನ್ನಲ್ಲಿಗೆ ಬರಲು ಕಾರಣವೂ ಇತ್ತು. ಒಂದು ಕಾರ್ಖಾನೆ 6 ಲಕ್ಷಕ್ಕೆ ಕೆಲಸ ಒಪ್ಪಿಸಿ, 1.8 ಲಕ್ಷ ಕೊಟ್ಟು, ಉಳಿದ 4.2 ಲಕ್ಷ ತಡೆಹಿಡಿದಿತ್ತು. ಇವರ ನೋಟಿಸಿಗೆ ಆ ಕಡೆಯ ವಕೀಲರು ಕೊಟ್ಟ ಉತ್ತರ ಒಂದೇ ಪುಟದ್ದು: ನೀವು ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ, 69ನೇ ಸೆಕ್ಷನ್ ಪ್ರಕಾರ ನಿಮ್ಮ ದಾವೆ ನಿಲ್ಲುವುದಿಲ್ಲ.

ಇದು ಬರೀ ಬೆದರಿಕೆಯಲ್ಲ. ಪಾಲುದಾರಿಕೆ ಸಂಸ್ಥೆಯನ್ನು ನೋಂದಾಯಿಸಲೇಬೇಕೆಂದು ನಮ್ಮ ಕಾಯ್ದೆ ಕಡ್ಡಾಯ ಮಾಡಿಲ್ಲ. ಆದರೆ ನೋಂದಾಯಿಸದಿದ್ದರೆ, ಸಂಸ್ಥೆಯು ಹೊರಗಿನವರ ಮೇಲೆ ಕರಾರಿನ ಹಕ್ಕಿಗಾಗಿ ದಾವೆ ಹೂಡುವಂತಿಲ್ಲ. ಹೊರಗಿನವರು ಮಾತ್ರ ಈ ಸಂಸ್ಥೆಯ ಮೇಲೆ ಹೂಡಬಹುದು. ಪಾಲುದಾರರಲ್ಲೇ ಜಗಳ ಬಂದರೂ, ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೊಡಿ ಎಂದು ಕೇಳುವುದು ಬಿಟ್ಟರೆ ಒಬ್ಬ ಇನ್ನೊಬ್ಬನ ಮೇಲೆ ಕರಾರು ಹಿಡಿದು ಕೋರ್ಟಿಗೆ ಹೋಗಲಾರ. ದಾವೆ ಹೂಡಿದ ಮೇಲೆ ನೋಂದಾಯಿಸಿದರೂ ಆ ದಾವೆ ಸರಿಯಾಗುವುದಿಲ್ಲ. ಅದನ್ನು ಬಿಟ್ಟು, ನೋಂದಣಿ ಮುಗಿಸಿ, ಬಾಕಿಗೆ ಇರುವ ಮೂರು ವರ್ಷದ ಕಾಲಮಿತಿಯೊಳಗೆ ಹೊಸದಾಗಿ ಹೂಡಬೇಕು. ಇವರು ಇನ್ನೂ ಕೋರ್ಟು ಮುಟ್ಟಿರಲಿಲ್ಲ. ಹಾಗಾಗಿ ದಾರಿ ತೆರೆದೇ ಇತ್ತು.

"ಹಂಗಾದ್ರ ಎಲ್ಲಾ ನನ್ನ ಹೆಸರಿಗೇ ಇಟ್ಟು ಪ್ರೊಪ್ರೈಟರ್ ಅಂತ ಅಂದ್ಬಿಡೂಣು," ಎಂದ ಮಹಾಂತೇಶ. ರಫೀಕನೂ ತಲೆಯಾಡಿಸಿದ. ಅಷ್ಟು ನಂಬಿಕೆ ಅವರಲ್ಲಿತ್ತು. ಆದರೂ ನಾನು ಬೇಡ ಎಂದೆ. ಪ್ರೊಪ್ರೈಟರ್‌ಶಿಪ್ ಎಂದರೆ ಒಬ್ಬನೇ ಮಾಲೀಕ. ಇಬ್ಬರು ಗೆಳೆಯರಿಗೆ ಅದರಲ್ಲಿ ಜಾಗವೇ ಇಲ್ಲ. ಹೆಸರು, ಗಿರಾಕಿ, ಖಾತೆಯಲ್ಲಿನ ಹಣ, ಬರಬೇಕಾದ ಬಾಕಿ ಎಲ್ಲವೂ ಮಹಾಂತೇಶನ ಸ್ವಂತದ್ದಾಗುತ್ತದೆ. ನಾಳೆ ಅವನಿಗೆ ಏನಾದರೂ ಆದರೆ ಅಷ್ಟೂ ಅವನ ವಾರಸುದಾರರಿಗೆ ಹೋಗುತ್ತದೆ. ರಫೀಕ ಎಂಟು ತಿಂಗಳು ಕಾರ್ಖಾನೆಗಳಲ್ಲಿ ಬೆವರು ಹರಿಸಿದ್ದಕ್ಕೆ ಯಾವ ಕಾಗದದಲ್ಲೂ ಗುರುತಿರುವುದಿಲ್ಲ. ಅಷ್ಟಾಗಿಯೂ ಲೆಟರ್‌ಹೆಡ್ಡಿನಲ್ಲಿ ತನ್ನ ಹೆಸರು ಹಾಕಲು ಬಿಟ್ಟಿದ್ದಾನೆ. ಅದನ್ನು ನೋಡಿ, ನಂಬಿ ಸಾಲ ಕೊಟ್ಟವರಿಗೆ ಅವನೂ ಪಾಲುದಾರನಂತೆಯೇ ಹೊಣೆ. ಒಟ್ಟಿನಲ್ಲಿ ರಫೀಕನ ಪಾಲಿಗೆ ಹಕ್ಕಿಲ್ಲ, ಹೊಣೆ ಮಾತ್ರ ಇದೆ.

ತೆರಿಗೆಯಲ್ಲೂ ಗಂಟು ಬೀಳುತ್ತದೆ. ಕಾರ್ಖಾನೆ ಕೊಟ್ಟ 1.8 ಲಕ್ಷದಲ್ಲಿ ಶೇ. 10ರಂತೆ 18,000 ರೂಪಾಯಿ ಟಿಡಿಎಸ್ ಮುರಿದು ಮಹಾಂತೇಶನ ಪ್ಯಾನಿಗೆ ಜಮೆ ಮಾಡಿತ್ತು. ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಅಷ್ಟೂ ಅವನ ಆದಾಯ. ರಫೀಕನಿಗೆ ಫೋನಿನಲ್ಲಿ ಕಳಿಸಿದ್ದು ಗೆಳೆಯನಿಗೆ ಕೊಟ್ಟ ಹಣವಷ್ಟೇ, ಖರ್ಚಲ್ಲ. ಪ್ರೊಪ್ರೈಟರ್ ಆಗಿಯೇ ನಡೆಸುವುದಾದರೆ ರಫೀಕ ತನ್ನ ಕೆಲಸಕ್ಕೆ ಮಹಾಂತೇಶನಿಗೆ ಬಿಲ್ ಬರೆಯಬೇಕು, ಆ ಬಿಲ್ಲಿಗೆ ಹಣ ಹೋಗಬೇಕು, ರಫೀಕ ಅದನ್ನು ತನ್ನ ಆದಾಯವೆಂದು ತೋರಿಸಬೇಕು. ಹಾಗೆ ಮಾಡಿದರೆ ಅವರು ಪಾಲುದಾರರಲ್ಲ. ಕೆಲಸ ಒಪ್ಪಿಸಿದವನು ಮತ್ತು ಕೆಲಸ ಮಾಡಿಕೊಟ್ಟವನು. ಇಬ್ಬರಿಗೂ ಬೇರೆ ಬೇರೆ ಗಿರಾಕಿಗಳಿದ್ದು, ಆಗೊಮ್ಮೆ ಈಗೊಮ್ಮೆ ಒಬ್ಬನ ಕೆಲಸಕ್ಕೆ ಇನ್ನೊಬ್ಬ ಬರುವುದಾದರೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಇಬ್ಬರೂ ಪ್ರತ್ಯೇಕ ಪ್ರೊಪ್ರೈಟರ್‌ಗಳಾಗಿ, ಬೇಕಾದಾಗ ಒಬ್ಬರಿಗೊಬ್ಬರು ಬಿಲ್ ಬರೆದುಕೊಂಡು ಇರಬಹುದು. ಆದರೆ ಇವರ ಗಿರಾಕಿ ಒಂದೇ, ವರದಿ ಒಂದೇ, ಹೆಸರೂ ಒಂದೇ.

ಉಳಿದದ್ದು ಎರಡು: ಸರಿಯಾದ ಪಾಲುದಾರಿಕೆ, ಇಲ್ಲವೇ ಪ್ರೈವೇಟ್ ಲಿಮಿಟೆಡ್.

ಪಾಲುದಾರಿಕೆಯನ್ನು ಸರಿಯಾಗಿ ಮಾಡುವುದು ಕಷ್ಟವಲ್ಲ. ಸ್ಟ್ಯಾಂಪ್ ಕಾಗದದ ಮೇಲೆ ಪಾಲುಪತ್ರ ಬರೆದು, ಸಹಿ ಮಾಡಿ, ಸಂಸ್ಥೆಯ ಹೆಸರಿಗೆ ಪ್ಯಾನ್ ತೆಗೆಸಿ, ಫರ್ಮುಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಿ, ಆಮೇಲೆ ಸಂಸ್ಥೆಯ ಹೆಸರಲ್ಲಿ ಕರೆಂಟ್ ಖಾತೆ ತೆರೆಯುವುದು. ಕಷ್ಟವಿರುವುದು ಪಾಲುಪತ್ರದೊಳಗೆ. ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಹೆಸರು ತುಂಬಿಸಿ ತರುತ್ತಾರೆ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಕಾಯ್ದೆ ತನಗೆ ತಿಳಿದಂತೆ ತುಂಬುತ್ತದೆ. ಲಾಭ ಹಂಚಿಕೆ ಬರೆಯದಿದ್ದರೆ ಸಮಪಾಲು. ಪಾಲುದಾರರಿಗೆ ಸಂಬಳವೆಂದು ಬರೆಯದಿದ್ದರೆ ಸಂಬಳವೇ ಇಲ್ಲ; ಒಬ್ಬ ದಿನವಿಡೀ ಫರ್ನೇಸಿನ ಮುಂದೆ ನಿಂತು, ಇನ್ನೊಬ್ಬ ಅರ್ಧ ದಿನ ಬಂದರೂ ಇಬ್ಬರಿಗೂ ಅಷ್ಟೇ. ಅವಧಿ ಬರೆಯದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಒಂದು ಲಿಖಿತ ನೋಟಿಸ್ ಕೊಟ್ಟು ಸಂಸ್ಥೆಯನ್ನೇ ಮುಗಿಸಬಹುದು.

ಇದೆಲ್ಲಕ್ಕಿಂತ ಭಾರವಾದದ್ದು ಹೊಣೆ. ಪಾಲುದಾರಿಕೆಯಲ್ಲಿ ಪ್ರತಿಯೊಬ್ಬನೂ ಸಂಸ್ಥೆಯ ಏಜೆಂಟ್. ಮಹಾಂತೇಶ ಸಂಸ್ಥೆಯ ಹೆಸರಿನಲ್ಲಿ ವಿದ್ಯುತ್ ಅಳೆಯುವ 3.5 ಲಕ್ಷದ ಉಪಕರಣವನ್ನು ಉದ್ದರಿ ತಂದರೆ ಸಾಲ ಇಬ್ಬರದೂ. ಅರ್ಧರ್ಧ ಎನ್ನುವುದು ಅವರೊಳಗಿನ ಮಾತು. ಮಾರಿದವನು ಪೂರ್ತಿ ಹಣವನ್ನು ರಫೀಕನೊಬ್ಬನಿಂದಲೇ ವಸೂಲು ಮಾಡಬಹುದು, ಅದೂ ಅವನ ಸ್ವಂತ ಆಸ್ತಿಯಿಂದ. ರಫೀಕನ ಹೆಸರಿನಲ್ಲಿ ತಂದೆ ಬಿಟ್ಟುಹೋದ ಮನೆಯಿದೆ. ಮಹಾಂತೇಶನದು ಬಾಡಿಗೆ ಮನೆ. ಇದನ್ನು ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಲಹೆಗಾರರಿಗೆ ಉದ್ದರಿಗಿಂತಲೂ ದೊಡ್ಡ ಭಯ ತಪ್ಪು ಸಲಹೆಯದು. ಇವರ ಮಾತು ಕೇಳಿ ಕಾರ್ಖಾನೆ ಫರ್ನೇಸಿನ ಒಳಪದರ ಬದಲಿಸಿತು, ಅದು ಸೀಳಿ ಕರಗಿದ ಲೋಹ ಸೋರಿತು ಎಂದಿಟ್ಟುಕೊಳ್ಳಿ. ನಷ್ಟ ಇವರು ಪಡೆದ ಶುಲ್ಕದ ಹತ್ತು ಪಟ್ಟೂ ಆಗಬಹುದು.

ಇನ್ನೊಂದು ಸಂಗತಿ ಇಬ್ಬರೇ ಇರುವ ಪಾಲುದಾರಿಕೆಗೆ ಮಾತ್ರ ಸಂಬಂಧಿಸಿದ್ದು. ಒಬ್ಬ ಪಾಲುದಾರ ತೀರಿಕೊಂಡರೂ ಸಂಸ್ಥೆ ಮುಂದುವರಿಯುತ್ತದೆ ಎಂದು ಪತ್ರದಲ್ಲಿ ಬರೆಯಬಹುದು. ಮೂವರಿದ್ದರೆ ಆ ಮಾತಿಗೆ ಅರ್ಥವಿದೆ. ಇಬ್ಬರಲ್ಲಿ ಒಬ್ಬ ಹೋದರೆ ಉಳಿಯುವವನು ಒಬ್ಬನೇ, ಒಬ್ಬನಿಂದ ಪಾಲುದಾರಿಕೆ ಆಗುವುದಿಲ್ಲ. ನಡೆದಿರುವ ಕರಾರು, ಖಾತೆ, ಬಾಕಿ ಎಲ್ಲವೂ ಆ ದಿನ ಅಡ್ಡಿಗೆ ಸಿಗುತ್ತವೆ.

ಕಂಪನಿಯ ಹಿರಿಮೆ ಇಲ್ಲಿದೆ. ಅದು ಇವರಿಬ್ಬರಿಂದ ಬೇರೆಯಾದ ಮೂರನೆಯ ವ್ಯಕ್ತಿ. ಕರಾರು ಅದರದು, ಸಾಲ ಅದರದು, ದಾವೆ ಹೂಡುವುದೂ ಅದೇ. ಒಬ್ಬ ಹೋದರೂ ಕಂಪನಿ ಇರುತ್ತದೆ. ಷೇರು ವಾರಸುದಾರರಿಗೆ ಸೇರುತ್ತದೆ. ಷೇರಿಗೆ ಹಾಕಿದ ಹಣದಾಚೆಗೆ ಇವರ ಮನೆಮಾರಿಗೆ ಕೈ ಬರುವುದಿಲ್ಲ. ಆದರೆ ಇದಕ್ಕೂ ಮಿತಿಯಿದೆ. ಬ್ಯಾಂಕು ಸಾಲ ಕೊಡುವಾಗ ಡೈರೆಕ್ಟರುಗಳ ಸ್ವಂತ ಜಾಮೀನು ಕೇಳುತ್ತದೆ. ಸಹಿ ಹಾಕಿದ ಮೇಲೆ ಆ ಸಾಲದ ಮಟ್ಟಿಗೆ ರಫೀಕನ ಮನೆ ಮತ್ತೆ ಕಟ್ಟೆಯ ಮೇಲೆ. ವರದಿಗೆ ತಾನೇ ಸಹಿ ಮಾಡಿ ಎದ್ದು ಕಾಣುವ ನಿರ್ಲಕ್ಷ್ಯ ತೋರಿದ ಎಂಜಿನಿಯರನ್ನು ಕಂಪನಿಯ ಹೆಸರು ಪೂರ್ತಿ ಕಾಯುತ್ತದೆ ಎಂದೂ ನಾನು ಹೇಳಲಾರೆ. ಅದಕ್ಕೆ ವೃತ್ತಿ ಹೊಣೆಯ ವಿಮೆ ಬೇಕು. ವಕೀಲರು ಮತ್ತು ಚಾರ್ಟರ್ಡ್ ಅಕೌಂಟೆಂಟರು ತಮ್ಮ ವೃತ್ತಿಯನ್ನು ಪ್ರೈವೇಟ್ ಲಿಮಿಟೆಡ್ ಮೂಲಕ ನಡೆಸುವಂತೆಯೂ ಇಲ್ಲ. ಅಂಥ ಗೆಳೆಯರಿಗೆ ಈ ಬಾಗಿಲೇ ಮುಚ್ಚಿದೆ.

ಈಗ ಲೆಕ್ಕ. "ಪಾರ್ಟ್ನರ್‌ಶಿಪ್ ಸೋವಿ, ಕಂಪನಿ ತುಟ್ಟಿ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಇವರ ಮಟ್ಟಿಗೆ ಅದು ನಿಜವೇ ಎಂದು ಕೂತು ಹಾಕಿದೆವು. ವರ್ಷಕ್ಕೆ ಜಮೆ 14 ಲಕ್ಷ, ಓಡಾಟ ಮತ್ತು ಪ್ರಯೋಗಾಲಯದ ಖರ್ಚು 4 ಲಕ್ಷ, ಇಬ್ಬರ ಸಂಬಳಕ್ಕೆ ಮುಂಚಿನ ಲಾಭ 10 ಲಕ್ಷ ಎಂದಿಟ್ಟುಕೊಂಡೆವು. ದರಗಳು 2025–26ರವು.

ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಮೊದಲ ರೂಪಾಯಿಯಿಂದಲೇ ಶೇ. 30, ಸೆಸ್ ಸೇರಿ ಶೇ. 31.2. ಪಾಲುದಾರರಿಗೆ ಕೊಡುವ ಸಂಬಳವನ್ನು ಖರ್ಚೆಂದು ಕಳೆಯಬಹುದು, ಆದರೆ ಅದಕ್ಕೆ ಗೆರೆಯಿದೆ. ಲಾಭದ ಮೊದಲ 6 ಲಕ್ಷದಲ್ಲಿ ಶೇ. 90, ಉಳಿದದ್ದರಲ್ಲಿ ಶೇ. 60. ಇವರಿಗೆ ಅದು 5.4 ಲಕ್ಷ ಮತ್ತು 2.4 ಲಕ್ಷ, ಒಟ್ಟು 7.8 ಲಕ್ಷ. ಉಳಿದ 2.2 ಲಕ್ಷಕ್ಕೆ ಸಂಸ್ಥೆ ಕಟ್ಟಬೇಕಾದ ತೆರಿಗೆ 68,640 ರೂಪಾಯಿ. ಇಬ್ಬರ ಕೈಗೂ ಬರುವ ಸಂಬಳ ತಲಾ 3.9 ಲಕ್ಷ, ಅದಕ್ಕೆ ತೆರಿಗೆಯಿಲ್ಲ. ಆದರೂ 2025ರ ಏಪ್ರಿಲ್‌ನಿಂದ ಸಂಸ್ಥೆಯು ಆ ಸಂಬಳದಲ್ಲಿ ಶೇ. 10 ಟಿಡಿಎಸ್ ಮುರಿಯಬೇಕು. ರಿಟರ್ನ್ ಸಲ್ಲಿಸಿ ವಾಪಸು ಪಡೆಯುವ ತನಕ ಆ ಹಣ ಸರ್ಕಾರದ ಬಳಿ ಇರುತ್ತದೆ.

ಇದರಲ್ಲಿ ಬಹುಮಂದಿಗೆ ಕಾಣದ ಒಂದು ಕುಣಿಕೆಯಿದೆ. ಎಂಜಿನಿಯರಿಂಗ್ ಮತ್ತು ತಾಂತ್ರಿಕ ಸಲಹೆ ಆದಾಯ ತೆರಿಗೆ ಕಾಯ್ದೆ ಹೆಸರಿಸಿರುವ ವೃತ್ತಿಗಳ ಪಟ್ಟಿಯಲ್ಲಿವೆ. ಜಮೆ 50 ಲಕ್ಷದೊಳಗಿದ್ದರೆ, ಜಮೆಯ ಅರ್ಧ ಲಾಭವೆಂದು ತೋರಿಸಿ ಪುಸ್ತಕ ಬರೆಯುವ ಗೋಜಿಲ್ಲದೆ ಇರಬಹುದು. ಒಬ್ಬಂಟಿ ಸಲಹೆಗಾರನಿಗೆ ಇದು ವರ. ಪಾಲುದಾರಿಕೆಗೆ ಹಾಗಲ್ಲ. ಆ ಅರ್ಧದಿಂದ ಪಾಲುದಾರರ ಸಂಬಳವನ್ನು ಮತ್ತೆ ಕಳೆಯುವಂತಿಲ್ಲ. 14 ಲಕ್ಷದ ಅರ್ಧ 7 ಲಕ್ಷ, ಅದಕ್ಕೆ ತೆರಿಗೆ 2,18,400 ರೂಪಾಯಿ. ಬೇಡ, ಸಂಬಳ ಕಳೆದು 2.2 ಲಕ್ಷವನ್ನೇ ತೋರಿಸುತ್ತೇವೆ ಎಂದರೆ ಪುಸ್ತಕ ಬರೆದು ಆಡಿಟ್ ಮಾಡಿಸಬೇಕು. ಅಂದರೆ ಆಡಿಟ್ ಖರ್ಚು ಉಳಿಯುತ್ತದೆಂದು ಪಾಲುದಾರಿಕೆ ಆರಿಸಿದ ಎಂಜಿನಿಯರುಗಳಿಗೆ ಆಡಿಟ್ ತಪ್ಪುವುದಿಲ್ಲ.

ಕಂಪನಿಯಲ್ಲಿ ಡೈರೆಕ್ಟರುಗಳ ಸಂಬಳಕ್ಕೆ ಅಂಥ ಗೆರೆಯಿಲ್ಲ. ಕೆಲಸಕ್ಕೆ ತಕ್ಕಷ್ಟಿರಬೇಕು, ನೇಮಕದ ಕರಾರು ಮತ್ತು ಬೋರ್ಡಿನ ಠರಾವು ಇರಬೇಕು. ಇಬ್ಬರಿಗೂ ತಲಾ 5 ಲಕ್ಷ ಕೊಟ್ಟರೆ ಕಂಪನಿಗೆ ಲಾಭ ಉಳಿಯುವುದಿಲ್ಲ, ಇವರ ಕೈಗೂ ತೆರಿಗೆ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ಸಂಬಳದಾರನಿಗೆ 75,000ದ ಕಡಿತ ಸೇರಿ ವರ್ಷಕ್ಕೆ 12.75 ಲಕ್ಷದ ತನಕ ತೆರಿಗೆಯಿಲ್ಲ. ಲಾಭ 24 ಲಕ್ಷಕ್ಕೆ ಬೆಳೆದರೆ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಪಾಲುದಾರಿಕೆ ಸಂಸ್ಥೆ ಆಗ 2,43,360 ರೂಪಾಯಿ ಕಟ್ಟುತ್ತದೆ. ತಲಾ 12 ಲಕ್ಷ ಸಂಬಳ ಕೊಟ್ಟ ಕಂಪನಿಯ ಕಡೆ ತೆರಿಗೆ ಸೊನ್ನೆ. ಆದರೆ ಹಣವನ್ನು ಕಂಪನಿಯಲ್ಲೇ ಉಳಿಸಿ ಬೆಳೆಸುತ್ತೇವೆ ಎನ್ನುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಉಳಿದ ಲಾಭಕ್ಕೆ ಕಂಪನಿ ಸುಮಾರು ಶೇ. 25 ಕಟ್ಟಿ, ಮುಂದೆ ಅದನ್ನು ಡಿವಿಡೆಂಡ್ ಆಗಿ ಹಂಚಿದಾಗ ಪಡೆದವರು ಮತ್ತೆ ತಮ್ಮ ದರದಲ್ಲಿ ಕಟ್ಟಬೇಕು. ಪಾಲುದಾರಿಕೆಯಲ್ಲಿ ತೆರಿಗೆ ಕಟ್ಟಿ ಉಳಿದ ಲಾಭವನ್ನು ಹಂಚಿಕೊಂಡರೆ ಎರಡನೇ ತೆರಿಗೆಯಿಲ್ಲ.

ಕಂಪನಿ ಕೇಳುವ ಬೆಲೆ ಶಿಸ್ತಿನ ರೂಪದಲ್ಲಿದೆ. ಶುರು ಮಾಡುವುದು ಸುಲಭ. ಡಿಜಿಟಲ್ ಸಹಿ ಪಡೆದು, ಕಂಪನಿ ವ್ಯವಹಾರ ಸಚಿವಾಲಯದ ತಾಣದಲ್ಲಿ SPICe+ ಅರ್ಜಿ ತುಂಬಿದರೆ ನೋಂದಣಿಯ ಜೊತೆಗೇ ಪ್ಯಾನ್, ಟ್ಯಾನ್ ಬರುತ್ತವೆ. ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರುಗಳು ಸಾಕು. ಅವರೇ ಇವರಾಗಿರಬಹುದು. ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು. ಮನೆಯನ್ನೇ ಕಚೇರಿಯ ವಿಳಾಸವಾಗಿ ಕೊಡಬಹುದು. ಆಮೇಲೆ ಗಡಿಯಾರ ಓಡತೊಡಗುತ್ತದೆ. 30 ದಿನದಲ್ಲಿ ಆಡಿಟರ್ ನೇಮಕ. 180 ದಿನದೊಳಗೆ ಷೇರಿನ ಹಣ ಕಂಪನಿಯ ಖಾತೆಗೆ ಬಂತೆಂದು INC-20A ಸಲ್ಲಿಕೆ. ಪ್ರತಿ ವರ್ಷ, ಒಂದು ರೂಪಾಯಿ ವ್ಯವಹಾರವಿಲ್ಲದಿದ್ದರೂ, ಆಡಿಟ್ ಆದ ಲೆಕ್ಕಕ್ಕೆ AOC-4 ಮತ್ತು ವಾರ್ಷಿಕ ವಿವರಕ್ಕೆ MGT-7A. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿಯಿಲ್ಲ. ವರ್ಷ ಮರೆತು ಕೂತರೆ ಎರಡು ಫಾರಂಗೆ 73,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳು ಐದು ವರ್ಷ ಅನರ್ಹರು. ಉತ್ಸಾಹದಲ್ಲಿ ಕಂಪನಿ ತೆರೆದು, ಆರು ತಿಂಗಳಿಗೆ ನೌಕರಿಗೆ ಮರಳಿ, ಮುಚ್ಚುವ ಅರ್ಜಿ ಹಾಕದೆ ಬಿಟ್ಟವರು ನನ್ನಲ್ಲಿಗೆ ಕಣ್ಣೀರು ತುಂಬಿಕೊಂಡು ಬಂದದ್ದುಂಟು.

ರಫೀಕನಿಗೆ ಅರ್ಥವಾಗಲು ಹೊತ್ತು ಹಿಡಿದದ್ದು ಇನ್ನೊಂದು: ಕಂಪನಿಯ ಖಾತೆಯಲ್ಲಿರುವ ಹಣ ನಿನ್ನದಲ್ಲ. ಮಗಳ ಶಾಲೆಯ ಫೀಸಿಗೆ ಅದರಿಂದ ತೆಗೆದರೆ ಅದು ಡೈರೆಕ್ಟರಿಗೆ ಕೊಟ್ಟ ಸಾಲ. ಕಂಪನಿ ಕಾಯ್ದೆ ಅದಕ್ಕೆ ಷರತ್ತು ಹಾಕುತ್ತದೆ, ತೆರಿಗೆ ಇಲಾಖೆ ಅದನ್ನು ಡಿವಿಡೆಂಡ್ ಎಂದು ಎಣಿಸಬಹುದು. ಸಂಬಳ, ಖರ್ಚಿನ ರಸೀದಿ, ಡಿವಿಡೆಂಡ್ ಇವಿಷ್ಟೇ ಹಣ ಹೊರಬರುವ ಬಾಗಿಲುಗಳು.

ನಡುವೆ ಎಲ್‌ಎಲ್‌ಪಿ ಎಂಬ ದಾರಿಯೂ ಇದೆ, ಹೇಳದಿದ್ದರೆ ತಪ್ಪಾದೀತು. ಹೊಣೆಯಲ್ಲಿ ಕಂಪನಿಯಂತೆ, ತೆರಿಗೆಯಲ್ಲಿ ಪಾಲುದಾರಿಕೆಯಂತೆ. ವಹಿವಾಟು 40 ಲಕ್ಷ ಮತ್ತು ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಡ. ಲಾಭವನ್ನು ಒಳಗೇ ಉಳಿಸಿ ಬೆಳೆಸುವವರಿಗೂ ಕಂಪನಿ ಒಲ್ಲೆ ಎನ್ನುವ ವೃತ್ತಿಗಳಿಗೂ ನಾನು ಇದನ್ನೇ ಹೇಳುತ್ತೇನೆ. ಇವರು ತಿಂಗಳ ಸಂಬಳದ ಮೇಲೆ ಮನೆ ನಡೆಸುವವರು. ಸಂಬಳದ ಮೇಲಿನ ಆ ಗೆರೆ ಇವರಿಗೆ ನಷ್ಟ.

ಕೊನೆಗೆ ಎರಡು ಕೆಲಸ ಒಟ್ಟಿಗೆ ಹಿಡಿದೆವು. ಹಳೆಯ ಪಾಲುದಾರಿಕೆ ಎಂದಿನಿಂದ, ಹೇಗೆ ನಡೆಯಿತು ಎಂದು ಪತ್ರ ಬರೆದು ನೋಂದಣಿಗೆ ಹಾಕಿದೆವು, 4.2 ಲಕ್ಷದ ಬಾಕಿಗೆ ಕಾಲೂರಲು ನೆಲ ಬೇಕಿತ್ತು. ಹೊಸ ಕೆಲಸಕ್ಕೆ ಪ್ರೈವೇಟ್ ಲಿಮಿಟೆಡ್. ಆದರೆ ಷೇರು ಹಂಚಿಕೆಗೆ ಬಂದಾಗ ಇಬ್ಬರೂ ಒಂದೇ ಉಸಿರಿನಲ್ಲಿ "ಫಿಫ್ಟಿ ಫಿಫ್ಟಿ" ಎಂದರು. ಅದು ಪ್ರೀತಿಯ ಮಾತು. ಭಿನ್ನಾಭಿಪ್ರಾಯ ಬಂದ ದಿನ ಇಬ್ಬರ ಮತವೂ ಸಮ, ಯಾವ ನಿರ್ಣಯವೂ ಪಾಸಾಗದು. ಅದು ಬಿಡಿಸಲಾಗದ ಗಂಟಾದರೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ತನಕ ಹೋಗಬೇಕು. ಹಾಗಾಗಿ ಷೇರು ಸಮವಾಗಿಯೇ ಇರಲಿ, ಜೊತೆಗೆ ಒಂದು ಷೇರುದಾರರ ಕರಾರು ಇರಲಿ ಎಂದೆ. 2 ಲಕ್ಷ ದಾಟುವ ಯಾವ ಖರ್ಚಿಗೂ ಇಬ್ಬರ ಸಹಿ. ಮತ ಸಮವಾದರೆ ಇಬ್ಬರೂ ಒಪ್ಪಿದ ಹಿರಿಯರೊಬ್ಬರ ತೀರ್ಪು. ಹೊರಟವನ ಷೇರನ್ನು ಕೊಳ್ಳುವ ಮೊದಲ ಹಕ್ಕು ಉಳಿದವನಿಗೆ, ಬೆಲೆ ಹಿಂದಿನ ಆಡಿಟ್ ಲೆಕ್ಕದ ಮೇಲೆ. ಈ ಮಾತುಗಳನ್ನು ಕಂಪನಿಯ ನಿಯಮಾವಳಿಯಲ್ಲೂ ಸೇರಿಸಿದೆವು. ಅಲ್ಲಿ ಇಲ್ಲದಿದ್ದರೆ ಕಂಪನಿಯನ್ನು ಅದಕ್ಕೆ ಕಟ್ಟಿಹಾಕುವುದು ಕಷ್ಟ.

ಒಬ್ಬ ತೀರಿಕೊಂಡರೆ ಎಂಬ ಕಲಮು ಕೊನೆಗೆ ಬಂತು. ಉಳಿದವನು ಆ ಷೇರನ್ನು ಕೊಂಡು ಮನೆಯವರಿಗೆ ಹಣ ಕೊಡಬೇಕು ಎಂದು ಬರೆದು, ಅವಧಿ ಆರು ತಿಂಗಳು ಎಂದು ಹಾಕಿದ್ದೆ. ಮಹಾಂತೇಶ ಓದಿ, ಪೆನ್ನು ಕೇಳಿ ಇಸಕೊಂಡ. "ಆರು ತಿಂಗಳ ತನಕ ಇವನ ಮನ್ಯಾಗ ಏನ್ ಉಣ್ತಾರ್ರಿ ಸರ?" ಎಂದು ಆರನ್ನು ಹೊಡೆದು ಎರಡು ಮಾಡಿದ. ರಫೀಕ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ತಿದ್ದಿದ ಅಂಕಿಯ ಪಕ್ಕದಲ್ಲಿ ಸಣ್ಣ ಸಹಿ ಹಾಕಿದ.